ಒಂದೇ ಬಿಲ್ಲಿಗೆ ಎರಡು ಪಾವತಿ: ‘ಯಾಕೆ’ ಕೇಳುತ್ತಾ ಸ್ಟೋರ್‌ವರೆಗೆ

ಪುಣೆ ಹತ್ತಿರದ ಚಾಕಣ್‌ನಲ್ಲಿರುವ ಒಂದು ಬಿಡಿಭಾಗದ ಕಾರ್ಖಾನೆ. ಮೂರು ವರ್ಷದ ಆಂತರಿಕ ಆಡಿಟ್ ವರದಿಯಲ್ಲಿ ಒಂದೇ ಸಾಲು: ‘ಡೂಪ್ಲಿಕೇಟ್ ಪಾವತಿ ಆಗಿದೆ, ವಸೂಲಿ ಮಾಡಿ, ಅಕೌಂಟ್ಸ್ ಸಿಬ್ಬಂದಿಗೆ ತರಬೇತಿ ಕೊಡಿ.’ ತರಬೇತಿ ಕೊಟ್ಟರು. ಮರುವರ್ಷ ಮತ್ತೆ ಸಿಕ್ಕಿತು. ನಾಲ್ಕನೇ ವರ್ಷ ಆಡಿಟ್ ತಂಡದ ನಾವು ಕಾರಣ ಹುಡುಕಲು ಆರು ದಿನ ಬೇಕು ಎಂದಾಗ ಫೈನಾನ್ಸ್‌ನವರು ಒಪ್ಪಲಿಲ್ಲ, ವಸೂಲಿಗಷ್ಟೇ ದುಡ್ಡು ಕೊಡುತ್ತೇವೆ ಎಂದರು. ಆ ವರ್ಷ ಸಿಕ್ಕಿದ್ದು ಸುಮಾರು 40 ಬಿಲ್, ಹೆಚ್ಚುಕಡಿಮೆ 18 ಲಕ್ಷ. ಈ ಮೊತ್ತ ತೋರಿಸಿದ ಮೇಲೆ ಆರು ದಿನ ಸಿಕ್ಕಿತು.

ಮೊದಲ ದಿನ ಕೈಕೊಟ್ಟಿತು. ಹನ್ನೊಂದು ಜನರನ್ನು ಕೂರಿಸಿ ಬೋರ್ಡ್ ಮೇಲೆ ಮೀನಿನ ಮುಳ್ಳು, ಅಂದರೆ ಒಂದೊಂದು ಬಗೆಯ ಕಾರಣಕ್ಕೆ ಒಂದೊಂದು ಮುಳ್ಳಿರುವ ಚಿತ್ರ, ಬರೆದರೆ, ಅರ್ಧ ಗಂಟೆಯಲ್ಲಿ ‘ವ್ಯಕ್ತಿ’ ಎಂಬ ಮುಳ್ಳಿನ ಮೇಲೆ ಒಂಬತ್ತು ಚೀಟಿ, ಉಳಿದವು ಖಾಲಿ. ಅಲ್ಲಿ ಬಿದ್ದದ್ದು ಅಭಿಪ್ರಾಯ, ಸಾಕ್ಷಿಯಲ್ಲ. ಮರುದಿನದಿಂದ ಸಭೆ ಬಿಟ್ಟು ಒಬ್ಬೊಬ್ಬರ ಮೇಜಿಗೆ ಹೋದೆವು. ದಾಖಲೆಯ ನಂಬರ್ ಇಲ್ಲದ ಚೀಟಿಗೆ ಬೋರ್ಡ್ ಮೇಲೆ ಜಾಗ ಕೊಡಲಿಲ್ಲ. ಯಂತ್ರ, ಸಾಮಗ್ರಿ ಎಂಬ ಕಾರ್ಖಾನೆಯ ಮುಳ್ಳುಗಳನ್ನೂ ತೆಗೆದು ಪದ್ಧತಿ, ಸಿಸ್ಟಂ, ಮಾಸ್ಟರ್ ಡೇಟಾ, ಕೆಪಿಐ, ಹೊರಗಿನ ಒತ್ತಡ ಎಂದು ಇಟ್ಟೆವು. ಆಡಿಟ್‌ನಲ್ಲಿ ಕೆಪಿಐಗೆ, ಅಂದರೆ ಒಂದು ವಿಭಾಗದ ಕೆಲಸ ಅಳೆಯುವ ಮಾನದಂಡಕ್ಕೆ, ತನ್ನದೇ ಮುಳ್ಳು ಬೇಕೇ ಬೇಕು.

‘ಯಾಕೆ’ ಕೇಳುವ ಮುಂಚೆ ಒಂದು ಹೋಲಿಕೆ ಮಾಡಿದೆವು: ಎಲ್ಲಿ ಆಗಿದೆ, ಎಲ್ಲಿ ಆಗಿಲ್ಲ? ಸುಮಾರು 40ರಲ್ಲಿ 30ಕ್ಕೂ ಹೆಚ್ಚು ಬಿಲ್ ಕ್ಯೂಸಿಯ ಗುಣಮಟ್ಟ ತಪಾಸಣೆ ಬೇಕಾದ ಮಾಲಿನವು. ತಪಾಸಣೆ ಇಲ್ಲದ ಪ್ಯಾಕಿಂಗ್ ಸಾಮಾನಿನ ಬಿಲ್ಲುಗಳನ್ನು ಹಾಕುವವರೂ ಅದೇ ಇಬ್ಬರು ಕ್ಲರ್ಕ್‌ಗಳು, ಅಲ್ಲಿ ಒಂದೂ ಇಲ್ಲ. ಅಜಾಗರೂಕತೆಯೇ ಕಾರಣವಾಗಿದ್ದರೆ ಎರಡೂ ಕಡೆ ಆಗಬೇಕಿತ್ತು. ‘ವ್ಯಕ್ತಿ’ ಮುಳ್ಳು ಅಲ್ಲಿಗೆ ಬಿತ್ತು.

ಪ್ರತಿ ಉತ್ತರಕ್ಕೂ ಮತ್ತೆ ‘ಯಾಕೆ’ ಕೇಳುತ್ತಾ ಹೋಗುವ ಸರಪಳಿ ಎರಡು ಬೇಕು: ತಪ್ಪು ಯಾಕೆ ಹುಟ್ಟಿತು, ಯಾಕೆ ಸಿಕ್ಕಿಬೀಳಲಿಲ್ಲ. ಎರಡನ್ನೂ ಒಂದರಲ್ಲೇ ಹೆಣೆದರೆ ಮೂರನೇ ಯಾಕೆಗೇ ಗಂಟು ಬೀಳುತ್ತದೆ.

ಹುಟ್ಟಿದ್ದು ಹೀಗೆ. ಒಂದೇ ಬಿಲ್ SAP ಸಿಸ್ಟಂನಲ್ಲಿ ಒಮ್ಮೆ ಆರ್ಡರ್ ಇಲ್ಲದೆಯೇ ಬಿಲ್ ಹಾಕುವ `FB60`ಯಲ್ಲಿ, ಒಮ್ಮೆ ಆರ್ಡರ್ ಮತ್ತು ಬಂದ ಮಾಲಿಗೆ ತಾಳೆ ನೋಡುವ `MIRO`ದಲ್ಲಿ ಎಂಟ್ರಿಯಾಗಿತ್ತು. `FB60` ಯಾಕೆ? ಮಾಲು ಬಂದದ್ದಕ್ಕೆ ಸ್ಟೋರ್ ಮಾಡುವ ಎಂಟ್ರಿ, ಅಂದರೆ ಜಿಆರ್‌ಎನ್, ಆಗಿರಲಿಲ್ಲ, ವೆಂಡರ್ ಮೇಲ್‌ನಲ್ಲಿ ಸ್ಕ್ಯಾನ್ ಕಳಿಸಿ ದುಡ್ಡು ಕೇಳುತ್ತಿದ್ದ. 2023-24ರಿಂದ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಗರಿಷ್ಠ 45 ದಿನದ ಗಡುವು ಮೀರಿ ಪಾವತಿ ಮುಂದಿನ ಹಣಕಾಸು ವರ್ಷಕ್ಕೆ ಹೋದರೆ ತೆರಿಗೆಯಲ್ಲಿ ಆ ಖರ್ಚು ಆ ವರ್ಷ ಸಿಗುವುದಿಲ್ಲವಾದ್ದರಿಂದ ಈ ಒತ್ತಡ ಇನ್ನೂ ಹೆಚ್ಚಿತ್ತು. ಜಿಆರ್‌ಎನ್ ಯಾಕೆ ತಡ? ಗೇಟ್ ರಿಜಿಸ್ಟರ್‌ನಲ್ಲಿ 12ನೇ ತಾರೀಖು, ಜಿಆರ್‌ಎನ್ 27ಕ್ಕೆ. ನಡುವಿನ ಹದಿನೈದು ದಿನ ಚಲನ್‌ಗಳು ಸ್ಟೋರ್ ಮೇಜಿನ ತಗಡಿನ ಟ್ರೇಯಲ್ಲಿ. ಯಾಕೆ? ವಿಜಯಪುರದ ಕಡೆಯ ಸ್ಟೋರ್ ಸೂಪರ್‌ವೈಸರ್ ನೇರವಾಗಿ ಹೇಳಿದರು: “ಕ್ಯೂಸಿ ಪಾಸ್ ಆಗದ ಮಾಲು ಪುಸ್ತಕಕ್ಕ ಹತ್ತಿಸಿದ್ರ, ರಿಜೆಕ್ಟ್ ಆದಾಗ ನಮ್ಮ ಮಾರ್ಕ್ಸ್ ಹೋಗ್ತಾವ್ರಿ ಸರ.” ಸ್ಟೋರ್‌ನ ಕೆಪಿಐ ಪುಸ್ತಕದಲ್ಲಿರುವ ರಿಜೆಕ್ಟ್ ಸ್ಟಾಕ್ ಮೇಲೆ ನಿಂತಿತ್ತು. ಹಳೆಯ ಒಂದು ತಕರಾರಿನ ನಂತರ ಇಟ್ಟದ್ದು, ಆಮೇಲೆ ಯಾರೂ ಮರುಪರಿಶೀಲಿಸಿರಲಿಲ್ಲ. ಸರಪಳಿ ಅಲ್ಲಿ ನಿಂತಿತು, ಏಕೆಂದರೆ ಅದನ್ನು ಬದಲಿಸುವ ಅಧಿಕಾರ ಪ್ಲಾಂಟ್ ಹೆಡ್ ಕೈಯಲ್ಲಿತ್ತು.

ಸಿಸ್ಟಂ ಹಿಡಿಯದ್ದಕ್ಕೆ ಕಾರಣ ಬೇರೆ. ಡಬಲ್ ಇನ್‌ವಾಯ್ಸ್ ಚೆಕ್ ಆನ್ ಆಗಿತ್ತು, ಆದರೆ ಅದು ರೆಫರೆನ್ಸ್ ನಂಬರನ್ನು ಅಕ್ಷರಶಃ ಹೋಲಿಸುತ್ತದೆ. `GE/0457` ಮತ್ತು `GE-457` ಅದಕ್ಕೆ ಬೇರೆ ಬೇರೆ ಬಿಲ್. ಎಕ್ಸೆಲ್‌ನಲ್ಲಿ ಮೊದಲು ಹೀಗೆ ತೊಳೆದೆವು:

```
=SUBSTITUTE(SUBSTITUTE(SUBSTITUTE(UPPER(A2),"-",""),"/","")," ","")
```

ಇದರಿಂದ ಅರ್ಧದಷ್ಟು ಹೊರಬಂದವು. ನಡುವಿನ ಸೊನ್ನೆ ಉಳಿಯುತ್ತದೆ. ಅದಕ್ಕೆ ಬಳಸಿದ ಹಂತವನ್ನು ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ. ವೆಂಡರ್ ಕೋಡ್ ಬದಲು ಜಿಎಸ್‌ಟಿಐಎನ್ ಹಾಕಿ ಹೋಲಿಸಿ ಎಂದಷ್ಟೇ ಹೇಳಬಲ್ಲೆ. ಒಂದೇ ವೆಂಡರಿಗೆ ಎರಡು ಕೋಡ್ ಇದ್ದ ನಾಲ್ಕು ಪ್ರಕರಣ ಹಾಗೆಯೇ ಸಿಕ್ಕವು.

ಸರಪಳಿ ಗಟ್ಟಿಯೇ ಎಂದು ನೋಡಲು ಕೆಳಗಿನಿಂದ ಮೇಲಕ್ಕೆ ‘ಆದ್ದರಿಂದ’ ಹಾಕಿ ಓದಿದೆವು. ನಮ್ಮ ಮೊದಲ ಕರಡಿನಲ್ಲಿ ‘ಕ್ಯೂಸಿಗೆ ಜನ ಕಡಿಮೆ, ಆದ್ದರಿಂದ ಜಿಆರ್‌ಎನ್ ತಡ’ ಎಂದಿತ್ತು. ಕ್ಯೂಸಿಗೆ ಎಷ್ಟೇ ದಿನ ಹಿಡಿದರೂ ಮಾಲನ್ನು ತಪಾಸಣೆ ಸ್ಟಾಕ್‌ಗೆ, ಅಂದರೆ ಪಾಸ್ ಆಗುವವರೆಗೆ ಬಳಸಲಾಗದ ಸ್ಟಾಕ್‌ಗೆ, ಜಿಆರ್‌ಎನ್ ಮಾಡಬಹುದಿತ್ತು. ಆ ಕೊಂಡಿ ಕಳಚಿತು, ಜೊತೆಗೆ ಇಬ್ಬರು ಹೊಸ ಇನ್‌ಸ್ಪೆಕ್ಟರ್‌ಗಳ ಸಂಬಳದ ಶಿಫಾರಸೂ ಹೋಯಿತು.

ಬದಲಾಯಿಸಿದ್ದು ಮೂರೇ. ಗೇಟ್ ಎಂಟ್ರಿಯ ದಿನವೇ ತಪಾಸಣೆ ಸ್ಟಾಕ್‌ಗೆ ಜಿಆರ್‌ಎನ್, ಬಿಲ್ `MIRO`ದಲ್ಲಿ ಪೇಮೆಂಟ್ ಬ್ಲಾಕ್‌ನೊಂದಿಗೆ. ಸ್ಟೋರ್‌ನ ಕೆಪಿಐ ಈಗ ಗೇಟ್‌ನಿಂದ ಜಿಆರ್‌ಎನ್‌ವರೆಗಿನ ದಿನಗಳ ಮೇಲೆ. ಮಾಲಿನ ವೆಂಡರ್‌ಗಳಿಗೆ `FB60` ಬಂದ್. ಎರಡು ತ್ರೈಮಾಸಿಕದಲ್ಲಿ ಡೂಪ್ಲಿಕೇಟ್ ಎರಡೇ ಬಂದವು, ಎರಡೂ ಪಾವತಿಗೆ ಮುಂಚೆಯೇ ಸಿಕ್ಕವು. ಹಳೆಯದರಲ್ಲಿ ಸುಮಾರು 14 ಲಕ್ಷ ವಾಪಸ್ ಬಂತು.

ಲೇಬರ್ ಕಾಂಟ್ರ್ಯಾಕ್ಟರ್ ಮತ್ತು ಸಾಗಾಣಿಕೆ ಬಿಲ್ ಇನ್ನೂ `FB60`ಯಲ್ಲೇ ಇವೆ. ಅಲ್ಲಿ ಜಿಆರ್‌ಎನ್ ಇಲ್ಲ, ಗೇಟ್ ರಿಜಿಸ್ಟರಿನ ಸಾಕ್ಷಿಯೂ ಸಿಗುವುದಿಲ್ಲ. ಅದಕ್ಕೆ ಹಾಜರಿ ಶೀಟ್‌ನಿಂದ ಬೇರೆ ಸರಪಳಿ ಶುರು ಮಾಡಿದ್ದೇವೆ, ಈಗ ಮೂರನೇ ಯಾಕೆಯಲ್ಲಿದ್ದೇವೆ.