ಕೊಳದ ಮಗು ಆಧಾರವಾಕ್ಯವಲ್ಲ

ಪೂರ್ವ ಬಂಗಾಳದ ನಿರಾಶ್ರಿತರ ಸಂಕಟವನ್ನು ಕಣ್ಣ ಮುಂದಿಟ್ಟುಕೊಂಡು ತತ್ತ್ವಶಾಸ್ತ್ರಜ್ಞ ಪೀಟರ್ ಸಿಂಗರ್ ಬರೆದ, 1972ರಲ್ಲಿ ಪ್ರಕಟವಾದ ಕ್ಷಾಮ ಮತ್ತು ನೈತಿಕತೆಯ ಕುರಿತ ಲೇಖನವನ್ನು ದಾವಣಗೆರೆಯ ನಮ್ಮ ಸ್ನಾತಕೋತ್ತರ ಸೆಮಿನಾರ್‌ನಲ್ಲಿ ನಾನು ಮಂಡಿಸಿದೆ. ಎಲ್ಲರ ಕೈಗೂ ಒಂದೇ ಹಾಳೆ ಕೊಟ್ಟಿದ್ದೆ.

ಹಾಳೆಯಲ್ಲಿ ಮೊದಲು ಬರೆದದ್ದು ತೀರ್ಮಾನವನ್ನೇ: ಅನುಕೂಲವಂತರು ಕ್ಷಾಮ ಪರಿಹಾರಕ್ಕೆ ಹಣ ಕೊಡುವುದು ಕರ್ತವ್ಯ, ಕೊಡದಿರುವುದು ತಪ್ಪು. ಆಮೇಲೆ ಇದನ್ನು ಹೊತ್ತು ನಿಂತ ಮಾತುಗಳನ್ನು, ಅಂದರೆ ಆಧಾರವಾಕ್ಯಗಳನ್ನು, ಹುಡುಕಿದೆ. ಒಂದು, ಅನ್ನ, ಸೂರು, ಚಿಕಿತ್ಸೆ ಇಲ್ಲದೆ ನರಳುವುದು, ಸಾಯುವುದು ಕೆಟ್ಟದ್ದು. ಎರಡು, ಅಷ್ಟೇ ಮಹತ್ವದ್ದನ್ನು ಕಳೆದುಕೊಳ್ಳದೆ ಕೆಟ್ಟದ್ದನ್ನು ತಡೆಯಲು ಸಾಧ್ಯವಿದ್ದರೆ ತಡೆಯಲೇಬೇಕು.

ಈ ಎರಡನ್ನು ಒಪ್ಪಿಯೂ ತೀರ್ಮಾನವನ್ನು ನಿರಾಕರಿಸಬಹುದೇ ಎಂದು ಕೇಳಿಕೊಂಡೆ. ನಿರಾಕರಿಸಬಹುದು. ನಾನು ಕೊಡುವ ಹಣದಿಂದ ಸಾವು ತಪ್ಪುತ್ತದೆ ಎಂಬುದು ಇವೆರಡರಲ್ಲೂ ಇಲ್ಲ. ಅದನ್ನು ಮೂರನೆಯದಾಗಿ ಸೇರಿಸಿ, ಪಕ್ಕದಲ್ಲಿ ‘ಸೂಚಿತ’ ಎಂದು ಗುರುತು ಹಾಕಿದೆ.

ಕೊಳದಲ್ಲಿ ಮುಳುಗುತ್ತಿರುವ ಮಗುವನ್ನು ದಾರಿಹೋಕನೊಬ್ಬ ಇಳಿದು ಎತ್ತಬೇಕೆನ್ನುವ ಲೇಖನದ ಪ್ರಸಂಗವನ್ನು ಬಹಳ ಮಂದಿ ಆಧಾರವಾಕ್ಯವೆಂದೇ ಬರೆದುಬಿಡುತ್ತಾರೆ. ಅದು ಎರಡನೆಯ ವಾಕ್ಯವನ್ನು ನಾವು ಒಪ್ಪುವಂತೆ ಮಾಡಲು ಕೊಟ್ಟ ಉದಾಹರಣೆ. ಹಾಗೆಂದು ಬೇರ್ಪಡಿಸಿದಾಗಲೇ ನನ್ನ ಮಟ್ಟಿಗೆ ಅತ್ಯಂತ ಬಲವಾದ ಆಕ್ಷೇಪ ಹೊಳೆಯಿತು. ಮಗುವನ್ನು ಎತ್ತಿದವನು ಕಳೆದುಕೊಳ್ಳುವುದು ಕೆಸರಾದ ಬಟ್ಟೆಯನ್ನಷ್ಟೇ. ಆದ್ದರಿಂದ ಉದಾಹರಣೆ ಬೆಂಬಲಿಸುವುದು, ಅಲ್ಪ ನಷ್ಟದಲ್ಲಿ ತಡೆಯಬಹುದಾದದ್ದನ್ನು ತಡೆಯಬೇಕು ಎಂಬ ಸೌಮ್ಯ ರೂಪವನ್ನು. ಎರಡನೆಯ ವಾಕ್ಯವೋ ಕೊಡುತ್ತಾ ಕೊಡುತ್ತಾ ನಾವೇ ನೆರವು ಪಡೆಯುವವರಷ್ಟು ಬಡವರಾಗುವ ಅಂಚಿಗೆ ಒಯ್ಯುತ್ತದೆ. ಸಿಂಗರ್ ಎರಡೂ ರೂಪಗಳನ್ನು ಮುಂದಿಟ್ಟು ಕಠಿಣವಾದದ್ದನ್ನೇ ಒಪ್ಪುತ್ತಾರೆ. ಆ ಜಿಗಿತಕ್ಕೆ ಕೊಳ ಸಾಲದು ಎಂದು ಬರೆದೆ.

ಪ್ರತಿ ಆಕ್ಷೇಪದ ಎದುರು, ಅದು ತಗಲುವ ವಾಕ್ಯದ ಸಂಖ್ಯೆಯನ್ನು ಹಾಕುತ್ತೇನೆ. ಸಂಖ್ಯೆ ಹಾಕಲಾಗದಿದ್ದರೆ ಅದು ಬರೀ ಅಸಮಾಧಾನ, ಇಲ್ಲವೇ ಎರಡು ಆಕ್ಷೇಪಗಳ ಕಲಬೆರಕೆ. ಚನ್ನಗಿರಿ ಕಡೆಯ ಸಹಪಾಠಿಯೊಬ್ಬಳು, “ಇದು ಸರ್ಕಾರದ ಕೆಲಸವಲ್ಲವೇ ಸರ್?” ಎಂದು ನಮ್ಮ ಅಧ್ಯಾಪಕರನ್ನು ಕೇಳಿದಳು. “ಯಾವ ವಾಕ್ಯಕ್ಕಮ್ಮ?” ಎಂದರು ಅವರು. ಬಿಡಿಸಿ ನೋಡಿದರೆ ಎರಡು ಮಾತುಗಳಿದ್ದವು. ಹೊಣೆ ನನ್ನದಲ್ಲ ಎಂದರೆ ಎರಡನೆಯದಕ್ಕೆ ತಗಲುತ್ತದೆ. ನಾನು ಕೊಟ್ಟರೆ ಸರ್ಕಾರ ಕೈತೊಳೆದುಕೊಳ್ಳುತ್ತದೆ, ಒಟ್ಟಾರೆ ಪ್ರಯೋಜನವಿಲ್ಲ ಎಂದರೆ ಮೂರನೆಯದಕ್ಕೆ. ಈ ಕೊನೆಯದಕ್ಕೆ ಲೇಖನದಲ್ಲೇ ಉತ್ತರವಿದೆ: ಯಾರೂ ಕೊಡದಿದ್ದರೆ ಪ್ರಜೆಗಳಿಗೇ ಆಸಕ್ತಿಯಿಲ್ಲವೆಂದು ಸರ್ಕಾರ ತಿಳಿಯುವ ಸಂಭವವೇ ಹೆಚ್ಚು ಎನ್ನುತ್ತಾರೆ ಸಿಂಗರ್. ಉತ್ತರ ಸಿಕ್ಕ ಆಕ್ಷೇಪಗಳ ಮುಂದೆ ಪುಟಸಂಖ್ಯೆ ಬರೆದು ಕೆಳಗಿಡುತ್ತೇನೆ. ಚರ್ಚೆಯ ಹೊತ್ತು ಉಳಿದವುಗಳಿಗೆ ಸಿಗಬೇಕು. ಅಂದು ಉಳಿದದ್ದು ಕೊಳದಿಂದ ಕಠಿಣ ರೂಪಕ್ಕೆ ಹಾರುವ ಜಿಗಿತದ ಪ್ರಶ್ನೆ. ಗಂಟೆ ಮುಗಿಯುವವರೆಗೂ ಅದರ ಮೇಲೆಯೇ ವಾದ ನಡೆಯಿತು.