ಮಧ್ಯಪದದ ವ್ಯಾಪ್ತಿ: ನ್ಯಾಯವಾಕ್ಯವನ್ನು ನಾನು ಪರೀಕ್ಷಿಸುವ ಬಗೆ

ಎರಡು ಆಧಾರವಾಕ್ಯಗಳಿಂದ ತೀರ್ಮಾನಕ್ಕೆ ಬರುವ ನ್ಯಾಯವಾಕ್ಯವನ್ನು ಪರೀಕ್ಷಿಸುವಾಗ, ಅದರಲ್ಲಿ ಹೇಳಿದ್ದು ನಿಜವೋ ಸುಳ್ಳೋ ಎಂಬ ಪ್ರಶ್ನೆಯನ್ನು ನಾನು ಬದಿಗಿಡುತ್ತೇನೆ. ಪಿಯುಸಿ ತರಗತಿಗಳಲ್ಲಿ ತರ್ಕಶಾಸ್ತ್ರ ಪಾಠ ಮಾಡುತ್ತಾ ರೂಢಿಸಿಕೊಂಡ ಕ್ರಮವಿದು. ಉದಾಹರಣೆಗೆ, “ಎಲ್ಲ ಹಾವುಗಳೂ ಸರೀಸೃಪಗಳು, ಎಲ್ಲ ನಾಗರಹಾವುಗಳೂ ಸರೀಸೃಪಗಳು, ಆದ್ದರಿಂದ ಎಲ್ಲ ನಾಗರಹಾವುಗಳೂ ಹಾವುಗಳು.” ಮೂರು ವಾಕ್ಯಗಳೂ ನಿಜ, ಆದರೂ ವಾದ ಸಿಂಧುವಲ್ಲ, ಅಂದರೆ ಆಧಾರವಾಕ್ಯಗಳಿಂದ ಆ ತೀರ್ಮಾನ ಹೊರಡುವುದಿಲ್ಲ.

ಒಂದು ವರ್ಗಕ್ಕೆ ಸೇರಿದ ಪ್ರತಿಯೊಂದನ್ನೂ ಕುರಿತು ವಾಕ್ಯವು ಏನನ್ನಾದರೂ ಹೇಳುತ್ತಿದ್ದರೆ ಆ ವರ್ಗದ ಪದ ವ್ಯಾಪ್ತ. ‘ಎಲ್ಲ’ ಅಥವಾ ‘ಯಾವ...ಊ’ ಎಂಬ ವಾಕ್ಯದಲ್ಲಿ ಉದ್ದೇಶ್ಯಪದ, ಅಂದರೆ ಯಾವುದನ್ನು ಕುರಿತು ಹೇಳುತ್ತೇವೋ ಆ ಪದ, ವ್ಯಾಪ್ತವಾಗುತ್ತದೆ. ನಿಷೇಧವಾಕ್ಯವಾದರೆ ವಿಧೇಯಪದ, ಅಂದರೆ ಉದ್ದೇಶ್ಯದ ಬಗ್ಗೆ ಏನು ಹೇಳುತ್ತೇವೋ ಆ ಪದ, ವ್ಯಾಪ್ತವಾಗುತ್ತದೆ. ವ್ಯಾಪ್ತ ಪದಗಳ ಕೆಳಗೆ ಗೆರೆ ಎಳೆಯುವುದು ನನ್ನ ಮೊದಲ ಕೆಲಸ. ಅದಕ್ಕೂ ಮುನ್ನ ವಾಕ್ಯವನ್ನು ಸರಿಯಾದ ರೂಪಕ್ಕೆ ತರಬೇಕು: “ಹಾವುಗಳೆಲ್ಲ ವಿಷಕಾರಿಗಳಲ್ಲ” ಎಂದು ನಾವು ಸಾಮಾನ್ಯವಾಗಿ ಹೇಳುವುದು ಕೆಲವು ಹಾವುಗಳು ವಿಷಕಾರಿಗಳಲ್ಲ ಎಂಬ ಅರ್ಥದಲ್ಲಿ. ‘ಎಲ್ಲ’ ಎಂಬುದನ್ನು ನೋಡಿ ಉದ್ದೇಶ್ಯದ ಕೆಳಗೆ ಗೆರೆ ಎಳೆದರೆ ಮುಂದಿನ ಪರೀಕ್ಷೆಯೆಲ್ಲ ಕೆಡುತ್ತದೆ.

ಆಮೇಲೆ ತೀರ್ಮಾನದಲ್ಲಿ ಕಾಣಿಸದೆ ಎರಡೂ ಆಧಾರವಾಕ್ಯಗಳಲ್ಲಿ ಬರುವ ಮಧ್ಯಪದವನ್ನು ಗುರುತಿಸುತ್ತೇನೆ. ಅದು ಒಮ್ಮೆಯಾದರೂ ವ್ಯಾಪ್ತವಾಗಿರಬೇಕು. ಮೇಲಿನ ವಾದದಲ್ಲಿ ಮಧ್ಯಪದವಾದ ‘ಸರೀಸೃಪ’ ಎರಡು ಕಡೆಯೂ ವಿಧಿವಾಕ್ಯದ, ಅಂದರೆ ನಿಷೇಧವಿಲ್ಲದ ವಾಕ್ಯದ, ವಿಧೇಯವಾಗಿರುವುದರಿಂದ ಎಲ್ಲಿಯೂ ಗೆರೆ ಬೀಳುವುದಿಲ್ಲ. ಹಾವುಗಳು ಸರೀಸೃಪಗಳ ಒಂದು ಭಾಗವಾಗಿ, ನಾಗರಹಾವುಗಳು ಸಂಪೂರ್ಣ ಬೇರೊಂದು ಭಾಗವಾಗಿ ಇರುವ ಸಾಧ್ಯತೆಯನ್ನು ಆಧಾರವಾಕ್ಯಗಳು ತಡೆಯುವುದೇ ಇಲ್ಲ. ನಂಬಲಾಗದವರು ‘ನಾಗರಹಾವು’ ಇರುವಲ್ಲೆಲ್ಲ ‘ಹಲ್ಲಿ’ ಎಂದು ಹಾಕಿ ನೋಡಬಹುದು: ಆಧಾರಗಳು ನಿಜವಾಗಿಯೇ ಉಳಿಯುತ್ತವೆ, ತೀರ್ಮಾನ ಮಾತ್ರ ಎಲ್ಲ ಹಲ್ಲಿಗಳೂ ಹಾವುಗಳು ಎಂದಾಗುತ್ತದೆ.

ಮಧ್ಯಪದ ವ್ಯಾಪ್ತವಾದರೂ ಎರಡನೆಯ ನಿಯಮ ಬಾಕಿಯಿರುತ್ತದೆ: ತೀರ್ಮಾನದಲ್ಲಿ ವ್ಯಾಪ್ತವಾದ ಪದ ತನ್ನ ಆಧಾರವಾಕ್ಯದಲ್ಲಿಯೂ ವ್ಯಾಪ್ತವಾಗಿರಬೇಕು. “ಎಲ್ಲ ಹಾವುಗಳೂ ಸರೀಸೃಪಗಳು, ಯಾವ ಹಲ್ಲಿಯೂ ಹಾವಲ್ಲ, ಆದ್ದರಿಂದ ಯಾವ ಹಲ್ಲಿಯೂ ಸರೀಸೃಪವಲ್ಲ” ಎಂಬಲ್ಲಿ ‘ಹಾವು’ ಎರಡೂ ಕಡೆ ವ್ಯಾಪ್ತವಾಗಿದೆ. ಆದರೆ ‘ಸರೀಸೃಪ’ಕ್ಕೆ ತೀರ್ಮಾನದಲ್ಲಿರುವ ಗೆರೆ ಆಧಾರದಲ್ಲಿಲ್ಲ, ಕೆಲವನ್ನು ಕುರಿತು ತಿಳಿದದ್ದರಿಂದ ಎಲ್ಲವನ್ನೂ ಕುರಿತು ಹೇಳಿದಂತಾಯಿತು. ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ, ಏಕೆಂದರೆ ಮಧ್ಯಪದ ಸರಿಯಿದೆ ಎಂದು ಕಂಡೊಡನೆ ಅವರು ಪರೀಕ್ಷೆಯನ್ನು ನಿಲ್ಲಿಸುತ್ತಾರೆ.

ಗೆರೆಗಳೆಲ್ಲ ಸರಿಹೊಂದಿದರೂ ನಾನು ಆಧಾರಗಳಲ್ಲಿನ ನಿಷೇಧಗಳನ್ನು ಎಣಿಸುತ್ತೇನೆ. “ಯಾವ ಹಾವೂ ಪಕ್ಷಿಯಲ್ಲ; ಯಾವ ಗುಬ್ಬಚ್ಚಿಯೂ ಹಾವಲ್ಲ; ಆದ್ದರಿಂದ ಯಾವ ಗುಬ್ಬಚ್ಚಿಯೂ ಪಕ್ಷಿಯಲ್ಲ” ಎಂಬ ವಾದದಲ್ಲಿ ಪ್ರತಿಯೊಂದು ಪದವೂ ಪ್ರತಿ ಕಡೆಯಲ್ಲಿಯೂ ವ್ಯಾಪ್ತವೇ. ವ್ಯಾಪ್ತಿಯ ಎರಡು ನಿಯಮಗಳೂ ಇದನ್ನು ಹಿಡಿಯಲಾರವು. ಎರಡು ನಿಷೇಧವಾಕ್ಯಗಳಿಂದ ಯಾವ ತೀರ್ಮಾನವೂ ಹೊರಡದು ಎಂಬ ಬೇರೆಯೇ ನಿಯಮ ಇದಕ್ಕೆ ಬೇಕು.