ಹಂಚೋ, ತಾರಸಿಯೋ: ನಾನು ಲೆಕ್ಕ ಹಾಕಿದ ರೀತಿ

ನನ್ನ ಮನೆ ಚಿಕ್ಕದು, 20 ಅಡಿ ಅಗಲ, 30 ಅಡಿ ಉದ್ದ. ಮೇಲೆ ತಾರಸಿ ಹಾಕಬೇಕೋ ಹಂಚು ಹೊದಿಸಬೇಕೋ ಅಂತ ತೀರ್ಮಾನಿಸಲು ಎರಡು ತಿಂಗಳು ಬೇಕಾಯ್ತು. ಚದರಡಿ ಲೆಕ್ಕದಲ್ಲಿ ಹಂಚೇ ಅಗ್ಗ ಅಂತ ಎಲ್ಲರೂ ಹೇಳಿದರು. ಆದರೆ ಯಾವ ಚದರಡಿ ಅನ್ನೋದನ್ನು ಮೊದಲು ಕೇಳಬೇಕು.

ತಾರಸಿ ನೆಲದಷ್ಟೇ ದೊಡ್ಡದು, 600 ಚದರಡಿ. ಇಳಿಜಾರಿನ ಮಾಡು ಹಾಗಲ್ಲ. ಗೋಡೆ ನೆನೆಯದಿರಲು ಸೂರನ್ನು ಸುತ್ತಲೂ 2 ಅಡಿ ಹೊರಗೆ ಚಾಚಿದೆ. ಅಲ್ಲಿಗೆ 24 ಅಡಿಗೆ 34 ಅಡಿ ಆಯ್ತು. ಇಳಿಜಾರು 30 ಡಿಗ್ರಿ ಇದ್ದರೆ ಅದಕ್ಕಿಂತ ಇನ್ನೂ ಶೇಕಡಾ 15ರಷ್ಟು ಹೆಚ್ಚು. ಹಂಚು ಹೊದಿಸಬೇಕಾದ ಜಾಗ ಸುಮಾರು 940 ಚದರಡಿ! ಮರದ ಖರ್ಚನ್ನೂ ಸೇರಿಸಿದ ಮೇಲೆ ಎರಡರ ನಡುವಿನ ಅಂತರ ನಾನು ಅಂದುಕೊಂಡಿದ್ದಕ್ಕಿಂತ ತುಂಬಾ ಕಡಿಮೆಯಾಯ್ತು.

ಉಳಿತಾಯ ಬಂದಿದ್ದು ಭಾರದಲ್ಲಿ. 5 ಇಂಚು ದಪ್ಪದ ತಾರಸಿ ಸುಮಾರು 18 ಟನ್ ತೂಗುತ್ತದೆ. ನನ್ನ ಹಂಚುಗಳೆಲ್ಲ ಸೇರಿ 3-4 ಟನ್, ಮರ ಬೇರೆ. ಸೆಂಟ್ರಿಂಗ್, ಕಬ್ಬಿಣ, ನೀರು ನಿಲ್ಲಿಸಿ ಕ್ಯೂರಿಂಗ್, ಇವೆಲ್ಲ ತಪ್ಪಿದವು. ಮೇಲೆ ಇನ್ನೊಂದು ಮಹಡಿ ಕಟ್ಟುವ ಯೋಚನೆ ಇರುವವರಿಗೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ, ಅವರು ತಾರಸಿಯನ್ನೇ ಹಾಕಿಸಲಿ.

ಹಿಂದೆ ಇದ್ದ ತಾರಸಿ ಮನೆಯಲ್ಲಿ ಬೇಸಿಗೆಯ ರಾತ್ರಿ ಹತ್ತಾದರೂ ತಾರಸಿಯ ಅಡಿಗೆ ಕೈ ಹಿಡಿದರೆ ಬಿಸಿ ಗೊತ್ತಾಗುತ್ತಿತ್ತು. ಹಗಲೆಲ್ಲ ಕುಡಿದ ಬಿಸಿಲನ್ನು ಕಾಂಕ್ರೀಟು ನಾವು ಮಲಗುವ ಹೊತ್ತಿಗೆ ಬಿಡುತ್ತದೆ. ಹಂಚು ಮಧ್ಯಾಹ್ನ ಬೇಗ ಕಾಯುತ್ತದೆ ನಿಜ, ಆದರೆ ಸಂಜೆಯಾದ ಮೇಲೆ ಬೇಗ ತಣಿಯುತ್ತದೆ. ಹಾಗಾಗಿ ನೆತ್ತಿಯನ್ನು ಗೋಡೆಗಿಂತ ಸುಮಾರು 6 ಅಡಿ ಎತ್ತರ ಇಟ್ಟು, ಎರಡೂ ತ್ರಿಕೋನ ಗೋಡೆಗಳ ತುದಿಯಲ್ಲಿ ಗಾಳಿಗೆ ಜಾಲರಿ ಬಿಟ್ಟೆ. ನನಗೆ ನಿದ್ದೆಯೇ ಮುಖ್ಯ, ಹಂಚನ್ನೇ ಆರಿಸಿದೆ.

ತಪ್ಪಾಗಿದ್ದು ರೀಪಿನಲ್ಲಿ, ಅಂದರೆ ಹಂಚು ಕೂರುವ ಅಡ್ಡ ಮರದ ಪಟ್ಟಿಗಳಲ್ಲಿ. ಹಂಚು ಬರುವ ಮೊದಲೇ, ಬಡಗಿ ತನಗೆ ಗೊತ್ತಿದ್ದ ಅಳತೆಗೆ ರೀಪುಗಳನ್ನು ಹೊಡೆದಿದ್ದರು. ಬಂದ ಹಂಚು ಸ್ವಲ್ಪ ಗಿಡ್ಡ. ಮೇಲಿನ ಹಂಚು ಕೆಳಗಿನದರ ಮೇಲೆ ಸಾಕಷ್ಟು ಕೂರಲಿಲ್ಲ. ನೇರ ಮಳೆಗೆ ಏನೂ ಆಗಲಿಲ್ಲ, ಗಾಳಿ ಸಹಿತ ಬಂದ ಮೊದಲ ಮಳೆಗೆ ಹಾಸಿಗೆ ನೆನೆಯಿತು. ಹಗಲು ಬಾಗಿಲು ಮುಚ್ಚಿ ಕತ್ತಲೆ ಮಾಡಿ ಮೇಲೆ ನೋಡಿದೆ. ಪ್ರತಿ ಸಾಲಿನಲ್ಲೂ ಬೆಳಕಿನ ಗೆರೆ ಕಾಣುತ್ತಿತ್ತು! ಒಂದೆರಡು ಕಡೆ ಚುಕ್ಕಿಯಂತೆ ಕಂಡರೆ ಒಡೆದ ಹಂಚು, ಸಾಲುಸಾಲಾಗಿ ಕಂಡರೆ ರೀಪಿನ ಅಳತೆಯದೇ ತಪ್ಪು.

ಒಂದು ಬದಿಯ ಹಂಚನ್ನೆಲ್ಲ ಇಳಿಸಿ ರೀಪು ಕಿತ್ತು ಮತ್ತೆ ಹೊಡೆಸಿದೆವು. ಈ ಸಲ ಹತ್ತು ಹಂಚುಗಳನ್ನು ನೆಲದ ಮೇಲೆ ಒಂದರ ಮೇಲೊಂದು ಸರಿಯಾಗಿ ಕೂರಿಸಿ, ಒಟ್ಟು ಉದ್ದ ಅಳೆದು, ಅದರಿಂದ ರೀಪಿನ ಅಂತರ ಹಿಡಿದೆವು. ಅದೇ ಗಾಡಿಯಲ್ಲಿ ಬಂದ 60 ಹಂಚುಗಳನ್ನು ಹಿತ್ತಲಲ್ಲಿ ಪೇರಿಸಿ ಇಟ್ಟಿದ್ದೇನೆ, ಒಡೆದಾಗ ಅದೇ ಅಳತೆಯದು ಬೇಕಲ್ವಾ.